ಗಿರಣಿ ಹಿಟ್ಟು, ಪ್ಯಾಕೆಟ್ ಹಿಟ್ಟು, ಮೈದಾ: ಮಧ್ಯಾಹ್ನದ ಡಬ್ಬಿ ಹೇಳಿದ್ದು

ನಮ್ಮ ಮನೆಯಲ್ಲಿ ಚಪಾತಿ ಆಗುವುದು ಬೆಳಿಗ್ಗೆ ಏಳಕ್ಕೆ. ನಾನು ಡಬ್ಬಿ ಬಿಚ್ಚುವುದು ಮಧ್ಯಾಹ್ನ ಒಂದೂವರೆಗೆ. ಹಂಚಿನ ಮೇಲಿಂದ ಇಳಿಸಿದ ಬಿಸಿ ಚಪಾತಿ ಯಾವ ಹಿಟ್ಟಿನದಾದರೂ ಮೆತ್ತಗೇ ಇರುತ್ತದೆ. ಹಿಟ್ಟಿನ ಬಂಡವಾಳ ಬಯಲಾಗುವುದು ಆರಿದ ಮೇಲೆ.

ಗಿರಣಿ ಹಿಟ್ಟೇ ಒಳ್ಳೆಯದು ಅಂತ ಅತ್ತೆ. ಪ್ಯಾಕೆಟ್ ಹಿಟ್ಟಿನದೇ ಮೆತ್ತಗಿರುತ್ತದೆ ಅಂತ ಮಗಳು. ಇಬ್ಬರ ವಾದ ಕೇಳಿ ಸಾಕಾಗಿ ಒಂದು ವಾರ ತೂಕ ಹಾಕಿ ನೋಡಿದೆ. ದಿನಕ್ಕೊಂದು ಹಿಟ್ಟು, 250 ಗ್ರಾಂ. ಅದೇ ಉಪ್ಪು, ಒಂದೇ ಚಮಚ ಎಣ್ಣೆ, ಅದೇ ಹಂಚು. ನೀರು ಮಾತ್ರ ಹಿಟ್ಟು ಕೇಳಿದಷ್ಟು.

ಮೈದಾ 135 ಮಿಲಿ ನೀರಿಗೇ ಸಾಕು ಅಂದಿತು. ಪ್ಯಾಕೆಟ್ ಗೋಧಿ ಹಿಟ್ಟು 180 ಕುಡಿಯಿತು. ಗಿರಣಿಯ ಹಿಟ್ಟು 165ಕ್ಕೆ ಮುದ್ದೆಯಾಯಿತು, ನಾನೂ ಅಲ್ಲಿಗೇ ನಿಲ್ಲಿಸಿದೆ. ತಪ್ಪಿದ್ದು ಅಲ್ಲೇ.

ಆ ದಿನ ನಾದಿದ ತಕ್ಷಣ ಲಟ್ಟಿಸಲು ಕೂತೆ. ಅಂಚು ಸೀಳುತ್ತಿತ್ತು. ಮಧ್ಯಾಹ್ನ ಚಪಾತಿ ಮಡಚಿದರೆ ಮಡಿಕೆ ಇದ್ದಲ್ಲೇ ಮುರಿಯಿತು. ಮಗಳು ಗೆದ್ದೆ ಅಂದುಕೊಂಡಳು. ಮರುದಿನ ಅದೇ ಡಬ್ಬಿಯ ಹಿಟ್ಟನ್ನು ಅಷ್ಟೇ ನೀರಿನಲ್ಲಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟೆ. ಬಟ್ಟೆ ತೆಗೆದು ಬೆರಳು ಒತ್ತಿ ನೋಡಿದರೆ ಮುದ್ದೆ ಮೊದಲಿಗಿಂತ ಗಟ್ಟಿಯಾಗಿತ್ತು. ಇನ್ನೂ ಎರಡು ಚಮಚ ನೀರು ಚಿಮುಕಿಸಿ ಮತ್ತೆ ನಾದಿದೆ. ಅವತ್ತಿನ ಚಪಾತಿ ಒಂದೂವರೆಗೂ ಕರ್ಚೀಫಿನ ಹಾಗೆ ಮಡಚಿತು.

ಕಾರಣ ತೌಡು. ಪಿಷ್ಟ ಬೇಗ ನೀರು ಹಿಡಿಯುತ್ತದೆ, ತೌಡಿನ ಚೂರು ನಿಧಾನವಾಗಿ ಹೀರುತ್ತದೆ. ನೆನೆಯಲು ಬಿಡದೆ ಲಟ್ಟಿಸಿದರೆ ಆ ಒಣ ಚೂರುಗಳು ಚೂಪಾಗಿಯೇ ಉಳಿದು, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಜಿಗುಟು ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಅಂಚು ಸೀಳುವುದು ಅದಕ್ಕೇ. ಆಮೇಲೆ ಅವು ಅಕ್ಕಪಕ್ಕದ ನೀರನ್ನೂ ಎಳೆದುಕೊಳ್ಳುವುದರಿಂದ ಚಪಾತಿ ಬೇಗ ಒಣಗುತ್ತದೆ. ಪ್ಯಾಕೆಟ್ ಹಿಟ್ಟು ನಮ್ಮ ಗಿರಣಿಯದಕ್ಕಿಂತ ನುಣ್ಣಗಿತ್ತು. ಕಲ್ಲಿನ ನಡುವೆ ಜಾಸ್ತಿ ಉಜ್ಜಿದಷ್ಟೂ ಪಿಷ್ಟದ ಕಣ ಒಡೆಯುತ್ತದೆ. ಒಡೆದ ಕಣ ಜಾಸ್ತಿ ನೀರು ಕುಡಿಯುತ್ತದೆ, ಅದೂ ಬೇಗ. ಅವಸರದ ಬೆಳಗಿಗೆ ಅದು ಹೊಂದುವುದು ನಿಜ. ಆದರೆ ಅರ್ಧ ಗಂಟೆ ಕೊಟ್ಟರೆ ಗಿರಣಿ ಹಿಟ್ಟು ಅದಕ್ಕೇನೂ ಕಡಿಮೆಯಿಲ್ಲ, ರುಚಿಯಲ್ಲಿ ಒಂದು ಕೈ ಮೇಲೇ.

ಮೈದಾದ್ದು ಉಲ್ಟಾ ಕಥೆ. ತೌಡೂ ಇಲ್ಲ, ಮೊಳಕೆಯ ಭಾಗವೂ ಇಲ್ಲ, ಹಾಗಾಗಿ ಬಲೆ ಕತ್ತರಿಸುವವರೇ ಇಲ್ಲ. ಲಟ್ಟಣಿಗೆ ಎತ್ತಿದರೆ ರಬ್ಬರಿನಂತೆ ಹಿಂದಕ್ಕೆ ಓಡುತ್ತದೆ. ಬಿಸಿಯಿದ್ದಾಗ ರೇಷ್ಮೆ, ಮಧ್ಯಾಹ್ನಕ್ಕೆ ಹಲ್ಲಿನಿಂದ ಜಗ್ಗಬೇಕು. ಡಬ್ಬಿಗೆ ಬೇಡವೇ ಬೇಡ. ಹೋಳಿಗೆಯ ಕಣಕಕ್ಕೆ ಮಾತ್ರ ಈ ಎಳೆಯುವ ಗುಣವೇ ಬೇಕು. ಸಡಿಲವಾಗಿ ನಾದಿ, ಎಣ್ಣೆಯಲ್ಲಿ ಎರಡು ಗಂಟೆ ನೆನೆಸಿಟ್ಟರೆ ಹೂರಣದ ಸುತ್ತ ಎಷ್ಟು ತೆಳುವಾಗಿ ಹರಡಿದರೂ ಹರಿಯುವುದಿಲ್ಲ.

ಖಪಲಿ ಗೋಧಿಯದನ್ನೂ ಒಂದು ದಿನ ನೋಡಿದೆ. ಘಮ ಚೆನ್ನಾಗಿದೆ. ಆದರೆ ಬಲೆ ಬಡವಾದದ್ದು, ಎಳೆದರೆ ತುಂಡಾಗುತ್ತದೆ. ನೀರು ಕಡಿಮೆ, ನಾದುವುದೂ ಕಡಿಮೆ, ಚಪಾತಿ ಸಣ್ಣದು ಮಾಡಿದರೆ ಸರಿ. ಇದರಲ್ಲಿ ಗ್ಲುಟೆನ್ ಇಲ್ಲ ಅಂತ ಕೆಲವರು ಹೇಳುತ್ತಾರಲ್ವಾ, ಅದು ಸುಳ್ಳು. ಇದೂ ಗೋಧಿಯೇ. ಗೋಧಿ ಆಗದವರಿಗೆ ಇದೂ ಆಗುವುದಿಲ್ಲ.

ಇನ್ನು ತಾಜಾತನ. ಇಲ್ಲಿ ನಾನು ಎರಡು ಸಲ ಪಾಠ ಕಲಿತೆ.

ಮೊದಲನೆಯದು, ಬಿಸಿ ಹಿಟ್ಟು. ಗಿರಣಿಯಿಂದ ತಂದಾಗ ಚೀಲ ಸೊಂಟಕ್ಕೆ ಸುಡುತ್ತಿತ್ತು. ಹಾಗೇ ಸ್ಟೀಲ್ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚಿದೆ. ಮರುದಿನ ಮುಚ್ಚಳದ ಒಳಗೆಲ್ಲ ನೀರ ಹನಿ, ಮೇಲಿನ ಹಿಟ್ಟು ಗಂಟು ಗಂಟು. ಹತ್ತು ದಿನಕ್ಕೆ ಹುಳ. ಗಿರಣಿ ಕಾಕಾನಿಗೆ ಹೇಳಿದರೆ ನಕ್ಕುಬಿಟ್ಟ. "ಯವ್ವಾ, ಬಿಸಿ ಹಿಟ್ಟ ಮುಚ್ಚಿಟ್ರ ಬೆವರ್ತದ. ಹಾಳಿ ಮ್ಯಾಲ ಹರವು, ತಣ್ಣಗಾದ ಮ್ಯಾಲ ತುಂಬು" ಅಂದ. ಈಗ ಎರಡು ಗಂಟೆ ಹರವಿಯೇ ತುಂಬುತ್ತೇನೆ.

ಎರಡನೆಯದು ಬೇಸಿಗೆಯದು. ಕಲಬುರಗಿಯ ಬಿಸಿಲು ಗೊತ್ತೇ ಇದೆ. ಮಾರ್ಚ್ ಮೊದಲಲ್ಲಿ ಹತ್ತು ಕಿಲೋ ಬೀಸಿಸಿ ತಂದ ಹಿಟ್ಟು ಮೇ ತನಕ ಉಳಿದಿತ್ತು. ಹುಳವಿಲ್ಲ, ಬಣ್ಣ ಸರಿ, ಮುದ್ದೆಯೂ ಚೆನ್ನಾಗಿ ಬಂತು, ಚಪಾತಿ ಉಬ್ಬಿತು ಕೂಡ. ತಿಂದರೆ ನಾಲಗೆಯ ಹಿಂಬದಿಗೆ ಕಹಿ. ಗೋಧಿಯ ಮೊಳಕೆಯ ಭಾಗದಲ್ಲಿ ಎಣ್ಣೆ ಇರುತ್ತದೆ. ಕಾಳಿನೊಳಗೆ ಅದು ಭದ್ರ. ಬೀಸಿದ ಕೂಡಲೇ ಗಾಳಿಗೆ ಬೀಳುತ್ತದೆ, ಸೆಕೆಗೆ ಬೇಗ ಕೆಡುತ್ತದೆ. ಮೈದಾ ತಿಂಗಳುಗಟ್ಟಲೆ ಇರುವುದು ಆ ಭಾಗ ತೆಗೆದಿರುವುದರಿಂದ. ಮುದ್ದೆ ನೋಡಿದರೆ ಇದು ತಿಳಿಯುವುದಿಲ್ಲ, ಮೂಗಿನಿಂದಲೇ ತಿಳಿಯಬೇಕು. ಒಂದು ಚಿಟಿಕೆ ಹಿಟ್ಟನ್ನು ಒದ್ದೆ ಅಂಗೈಯಲ್ಲಿ ಬೆಚ್ಚಗಾಗುವಷ್ಟು ಉಜ್ಜಿ ಮೂಸಿ ನೋಡಿ. ಹೊಸದಾದರೆ ಗೋಧಿ ವಾಸನೆ, ಹಳತಾದರೆ ಹಳೇ ಎಣ್ಣೆ ಬಾಟಲಿಯದು.

ಜೋಳದ ಹಿಟ್ಟು ಮಾತ್ರ ಇಷ್ಟು ಮುಚ್ಚಿಡುವುದಿಲ್ಲ, ಕೈಗೇ ಹೇಳುತ್ತದೆ. ಅದರಲ್ಲಿ ಗೋಧಿಯ ಬಲೆ ಇಲ್ಲವೇ ಇಲ್ಲ. ಎಸರು ಕುದಿಸಿ ಹಾಕಿದಾಗ ಪಿಷ್ಟ ಬೆಂದು ಅಂಟಾಗುತ್ತದಲ್ಲ, ರೊಟ್ಟಿ ನಿಲ್ಲುವುದು ಆ ಅಂಟಿನ ಮೇಲೆ. ಹೊಸ ಹಿಟ್ಟಾದರೆ ಬಡಿದಷ್ಟೂ ದುಂಡಗೆ ಹರಡುತ್ತದೆ. ಹಳತಾದರೆ ಮೊದಲ ನಾಲ್ಕು ಏಟಿಗೇ ಅಂಚು ಬಿರಿಯುತ್ತದೆ. "ಹಿಟ್ಟಿಗ ಜಿಗಿ ಹೋಗ್ಯದ" ಅನ್ನುತ್ತಾರೆ ಅತ್ತೆ. ಜಿಗಿ ಹೋದ ಹಿಟ್ಟಿಗೆ ಅವರು ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿ ಸುಧಾರಿಸುತ್ತಾರೆ. ರೊಟ್ಟಿ ಆಗುತ್ತದೆ, ಆದರೆ ಆ ರುಚಿ ಬರುವುದಿಲ್ಲ.

ಗಿರಣಿಯ ದೊಡ್ಡ ಕಿರಿಕಿರಿಯೂ ಈ ಜೋಳದ್ದೇ. ಒಮ್ಮೆ ಬೇರೆ ಗಿರಣಿಗೆ ಹೋಗಿದ್ದೆ. ನನ್ನ ಮುಂದಿನವರದು ಜೋಳ, ಅದು ಮುಗಿದ ಬೆನ್ನಿಗೇ ನನ್ನ ಗೋಧಿ ಸುರಿದರು. ಕಲ್ಲಿನ ಒಳಗೆ ಉಳಿದ ಜೋಳವೆಲ್ಲ ನನ್ನ ಪಾಲಿಗೆ ಬಂತು. ಚೀಲದ ತಳದಲ್ಲಿದ್ದ ಮೊದಲ ಹಿಟ್ಟು ಬೆಳ್ಳಗೆ, ಎಷ್ಟು ನಾದಿದರೂ ಎಳೆ ಬರಲಿಲ್ಲ. ನಾನು ಪೆದ್ದಿ, ಆ ದಿನವೆಲ್ಲ ಗೋಧಿಯನ್ನೇ ಬೈದೆ.

ಈಗ ನಮ್ಮಲ್ಲಿ ವ್ಯವಸ್ಥೆ ಬದಲಾಗಿದೆ. ಗೋಧಿ ಕಾಳಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೆ ಮೂರು ಕಿಲೋ, ಚಳಿಗಾಲದಲ್ಲಿ ತಿಂಗಳಿಗೆ ಆರು ಕಿಲೋ ಬೀಸಿಸುತ್ತೇವೆ. ರಾತ್ರಿ ತಡವಾಗಿ ಮಲಗಿದ ದಿನಕ್ಕೆ ಅಂತ ಒಂದು ಕಿಲೋ ಪ್ಯಾಕೆಟ್ ಮೇಲಿನ ಅಟ್ಟದಲ್ಲಿದೆ. ಅತ್ತೆಗೆ ಗೊತ್ತು, ಏನೂ ಅನ್ನುವುದಿಲ್ಲ. ಕಾಕಾನ ಗಿರಣಿಗೆ ಹೋದಾಗ ನನ್ನ ಡಬ್ಬಿಯನ್ನು ಗೋಧಿ ಡಬ್ಬಿಗಳ ಸಾಲಿನಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿ ಇಟ್ಟು ಕಾಯುತ್ತೇನೆ. ಮೊದಲನೆಯದಾಗಿ ಮಾತ್ರ ಇಡುವುದಿಲ್ಲ.