ರೈಜನ್ 3 2200ಜಿ: ವರ್ಷಗಟ್ಟಲೆ ಓವರ್‌ಕ್ಲಾಕ್ ಮಾಡಿ ಬಳಸಿದ ಮೇಲೆ

ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ದುಡ್ಡಿಲ್ಲದವರ ಪಾಲಿಗೆ 2018ರಲ್ಲಿ ಬಂದ ಎಎಂಡಿ ಪ್ರೊಸೆಸರ್ ಚಿಪ್ ಇದು. ನಾಲ್ಕು ಕೋರ್, ಜೊತೆಗೆ ಒಳಗೇ ವೇಗಾ 8 ಗ್ರಾಫಿಕ್ಸ್. ನನ್ನ ದಾವಣಗೆರೆಯ ಮನೆಯಲ್ಲಿ ಬಿ450 ಬೋರ್ಡಿನ ಮೇಲೆ, ಡಬ್ಬಿಯಲ್ಲೇ ಬಂದ ಕೂಲರ್‌ನೊಂದಿಗೆ ಇವತ್ತಿಗೂ ಓಡುತ್ತಿದೆ. ಈಗಲೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ: ಗೇಮ್ ತಡವರಿಸಿದರೆ ಓವರ್‌ಕ್ಲಾಕ್ ಮಾಡಿ, ಅಂದರೆ ಚಿಪ್ಪನ್ನು ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚಿಗೆ ಓಡಿಸಿ, ಸರಿಮಾಡಿಕೊಳ್ಳಬಹುದಾ?

ಮೊದಲು ಎಷ್ಟು ಕೊರತೆಯಿದೆ ಎಂದು ಲೆಕ್ಕ ಹಾಕಿ. ಗೇಮ್ ಸೆಕೆಂಡಿಗೆ 28 ಫ್ರೇಮ್, ಅಂದರೆ 28 ಎಫ್‌ಪಿಎಸ್‌ನಲ್ಲಿ ಓಡುತ್ತಿದ್ದು ನಿಮಗೆ 30 ಸಾಕಾದರೆ ಬೇಕಿರುವುದು ಶೇ 7 ಮಾತ್ರ, ಅದು ಸಿಗುತ್ತದೆ. 20ರಿಂದ 30ಕ್ಕೆ ಏರಬೇಕಾದರೆ ಶೇ 50 ಬೇಕು. ಗಡಿಯಾರದ ವೇಗ ಏರಿಸಿ ಅಷ್ಟು ಪಡೆಯಲು ಆಗುವುದಿಲ್ಲ.

ನಾನು ಅಳತೆಗೆ ಇಟ್ಟುಕೊಂಡದ್ದು ವಿಚರ್ 3 ಗೇಮ್. 1080ಪಿ, ಎಲ್ಲ ಸೆಟ್ಟಿಂಗ್ ಲೋ, ಗೇಮಿನೊಳಗಿನ ಜನ ತುಂಬಿದ ನೊವಿಗ್ರಾಡ್ ಪೇಟೆ. 2400 ವೇಗದ ಒಂದೇ ರ‍್ಯಾಮ್ ಸ್ಟಿಕ್ ಇದ್ದಾಗ ಸುಮಾರು 16 ಎಫ್‌ಪಿಎಸ್. ಅಂಥದ್ದೇ ಇನ್ನೊಂದು ಸ್ಟಿಕ್ ಹಾಕಿದೊಡನೆ 24. ಇದು ಓವರ್‌ಕ್ಲಾಕೇ ಅಲ್ಲ, ಆದರೂ ಅತಿದೊಡ್ಡ ಜಿಗಿತ ಸಿಕ್ಕಿದ್ದು ಇಲ್ಲೇ. ಕಾರಣ ಸರಳ: ವೇಗಾ 8ಕ್ಕೆ ಸ್ವಂತ ಮೆಮೊರಿಯಿಲ್ಲ, ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಹಂಚಿಕೊಳ್ಳಬೇಕು. ಒಂದು ಸ್ಟಿಕ್ ಸೆಕೆಂಡಿಗೆ 19.2 ಜಿಬಿ ಸಾಗಿಸಿದರೆ ಎರಡು 38.4 ಸಾಗಿಸುತ್ತವೆ.

ಆಮೇಲೆ 3200ರ ಜೋಡಿ ಸ್ಟಿಕ್ ತಂದು, ಅವು ಆ ವೇಗದಲ್ಲೇ ಓಡಲೆಂದು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದೆ. 28ಕ್ಕೆ ಬಂತು. ಈ ಚಿಪ್‌ಗೆ ಎಎಂಡಿ ಅಧಿಕೃತವಾಗಿ ಹೇಳಿರುವ ಮಿತಿ 2933. ಹಾಗಾಗಿ 3200 ಎನ್ನುವುದೂ ಓವರ್‌ಕ್ಲಾಕೇ, ಎಲ್ಲ ಬೋರ್ಡಿನಲ್ಲೂ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ನಿಲ್ಲದಿದ್ದರೆ 2933ಕ್ಕೆ ಇಳಿಸಿ, ದೊಡ್ಡ ನಷ್ಟವೇನಿಲ್ಲ.

ಗ್ರಾಫಿಕ್ಸ್ ಓವರ್‌ಕ್ಲಾಕ್ ಮಾಡಿದ್ದು ಇಷ್ಟಾದ ಮೇಲೆ. ಬಯಾಸ್‌ನ `GFX Clock Frequency` 1100 ಮೆಗಾಹರ್ಟ್ಸ್‌ನಲ್ಲಿತ್ತು. 50ರ ಹೆಜ್ಜೆಯಲ್ಲಿ ಏರಿಸುತ್ತಾ, ವೋಲ್ಟೇಜನ್ನೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ, 1.2 ವೋಲ್ಟ್‌ನ ಒಳಗೇ ಇಟ್ಟುಕೊಂಡು, 1500ಕ್ಕೆ ತಂದೆ. ಅದೇ ಪೇಟೆಯಲ್ಲಿ 32. ಗಡಿಯಾರ ಏರಿದ್ದು ಶೇ 36, ಗೇಮ್ ಏರಿದ್ದು ಶೇ 14 ಅಷ್ಟೇ. ಏರಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇಷ್ಟು ಅಂತರವಿದ್ದರೆ ತಡೆ ಬೇರೆಲ್ಲೋ ಇದೆ ಎಂದರ್ಥ. ಇಲ್ಲಿ ಆ ತಡೆ ಮತ್ತೆ ರ‍್ಯಾಮೇ. ಆದರೆ ಆ ನಾಲ್ಕು ಫ್ರೇಮನ್ನು ಹಗುರವಾಗಿ ಕಾಣಬೇಡಿ. 30ಕ್ಕೆ ಲಾಕ್ ಮಾಡಿ ಆಡುವವರಿಗೆ 28 ಎಂದರೆ ಪದೇಪದೇ ಎಳೆದಾಡಿದ ಹಾಗೆ, 32 ಎಂದರೆ ಸಲೀಸು.

ಪ್ರೊಸೆಸರ್ ಭಾಗವನ್ನು 3.9 ಗಿಗಾಹರ್ಟ್ಸ್‌ಗೆ ಏರಿಸಿಯೂ ನೋಡಿದೆ. ವಿಚರ್‌ನಲ್ಲಿ ಏನೂ ಬದಲಾಗಲಿಲ್ಲ, ಬಿಸಿ ಮಾತ್ರ ಹೆಚ್ಚಿತು. ವಾಪಸ್ ಮಾಡಿದೆ. ನಿಮ್ಮ ಗೇಮಿಗೆ ಯಾವುದು ತಡೆ ಎಂದು ತಿಳಿಯಲು ರೆಸಲ್ಯೂಷನ್ 720ಪಿಗೆ ಇಳಿಸಿ ನೋಡಿ. ಎಫ್‌ಪಿಎಸ್ ಜಿಗಿದರೆ ಗ್ರಾಫಿಕ್ಸ್ ಸೋಲುತ್ತಿದೆ. ಇದ್ದಲ್ಲೇ ನಿಂತರೆ ನಾಲ್ಕು ಕೋರ್‌ಗಳು ಸೋತಿವೆ, ಮೇಲಿನ ಸಾಹಸಗಳಿಂದ ಉಪಯೋಗವಿಲ್ಲ. ಹೊಸ ದೊಡ್ಡ ಗೇಮ್‌ಗಳಲ್ಲಿ ನಾಲ್ಕೂ ಕೋರ್ ಶೇ 100 ತಲುಪಿ ಗಕ್ಕನೆ ನಿಲ್ಲುತ್ತವಲ್ಲ, ಆ ಜಾತಿಗೆ ಇನ್ನೂರು ಮೆಗಾಹರ್ಟ್ಸ್ ಸೇರಿಸಿದರೆ ಗುಣವಾಗುವುದಿಲ್ಲ.

ಇನ್ನು ದೀರ್ಘಕಾಲದ ಮಾತು. ಚಳಿಗಾಲದಲ್ಲಿ ಗ್ರಾಫಿಕ್ಸ್ 1600ರಲ್ಲೂ ನಿಂತಿತ್ತು. ಏಪ್ರಿಲ್ ಬಿಸಿಲು ಬಂದಾಗ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರತೊಡಗಿತು. ಡ್ರೈವರ್ ಬಿದ್ದು ಎದ್ದ ಲಕ್ಷಣ ಅದು. ಬಣ್ಣದ ಚೌಕಗಳು ಕಾಣಿಸಿದರೂ ಅದೇ ಎಚ್ಚರಿಕೆ. ಹೀಗಾಗಿ ನೀವು ಮಾಡುವುದಾದರೆ ಬೇಸಿಗೆಯ ಮಧ್ಯಾಹ್ನ, ಕೋಣೆಯ ಫ್ಯಾನ್ ಹಾಕದೆ, ಒಂದು ಗಂಟೆ ಆಡಿ ಪರೀಕ್ಷಿಸಿ. ರ‍್ಯಾಮ್ ತಪ್ಪು ಇದಕ್ಕಿಂತ ಕೆಟ್ಟದ್ದು: ಗೇಮ್ ಚೆನ್ನಾಗಿಯೇ ಓಡುತ್ತದೆ, ಆದರೆ ಜಿಪ್ ಫೈಲ್ ಬಿಚ್ಚುವಾಗ ಎರರ್ ಬರುತ್ತದೆ, ಒಂದು ದಿನ ವಿಂಡೋಸೇ ಕೆಡುತ್ತದೆ. ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ, ಒಂದೇ ಒಂದು ಎರರ್ ಬಂದರೂ ವೇಗ ಇಳಿಸಿ. ಪರದೆಯೇ ಬರದಿದ್ದರೆ ಗಾಬರಿ ಬೇಡ. ಪವರ್ ತೆಗೆದು ಬೋರ್ಡಿನ ಬಟನ್ ಸೆಲ್ ಕೆಲವು ನಿಮಿಷ ಬಿಚ್ಚಿಟ್ಟರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಓವರ್‌ಕ್ಲಾಕ್‌ನಿಂದ ಚಿಪ್ ಹೋದರೆ ಮಾತ್ರ ವಾರಂಟಿ ಸಿಗುವುದಿಲ್ಲ.

ಈಗ ಕೊಳ್ಳುವವರಿಗೆ ನನ್ನ ಸಲಹೆ: ಎ320 ಬೋರ್ಡಿನ ಜೊತೆ ಮಾರುತ್ತಿದ್ದರೆ ಬೆಲೆ ಕಡಿಮೆ ಕೇಳಿ, ಅದರಲ್ಲಿ ಪ್ರೊಸೆಸರ್ ವೇಗ ನಿರ್ಧರಿಸುವ ಗುಣಕ ಬದಲಿಸಲು ಬಿಡುವುದಿಲ್ಲ. ಒಂದೇ ಸ್ಟಿಕ್ ಇದ್ದರೆ ಕೂಲರ್‌ಗೆ ಹಾಕಬೇಕೆಂದಿರುವ ದುಡ್ಡನ್ನು ಎರಡನೇ ಸ್ಟಿಕ್‌ಗೆ ಹಾಕಿ. ಅಷ್ಟರ ಮೇಲೂ 25 ದಾಟದ ಗೇಮ್ ನಿಮ್ಮದಾಗಿದ್ದರೆ ಬಯಾಸ್ ಮುಟ್ಟಬೇಡಿ, 900ಪಿಗೆ ಇಳಿಸಿ ಆಡಿ, ಇಲ್ಲವೇ ಹಳೆಯದಾದರೂ ಸ್ವಂತ ಮೆಮೊರಿಯಿರುವ ಕಾರ್ಡ್ ಹುಡುಕಿ.