‘ಪರ್ಮಿಟೆಡ್’ ಅಂದ್ರೆ ಓಓಡಿ ಅಲ್ಲ: ಟ್ರೈನಿಂಗ್‌ಗೆ ಹೊರಡೋ ಮೊದಲು ಇದನ್ನ ಓದಿ

ಬರೀಬೇಕೋ ಬೇಡ್ವೋ ಅಂತ ಒಂದು ವಾರ ಯೋಚನೆ ಮಾಡಿದೆ. ನಾಚಿಕೆ ಆಗ್ತಿತ್ತು. ಹನ್ನೊಂದು ವರ್ಷ ಸರ್ವಿಸ್ ಆಗಿರೋ ನನಗೇ ಒಂದು ರಜೆ ಅರ್ಜಿ ಸರಿಯಾಗಿ ಬರೆಯೋಕೆ ಬರಲಿಲ್ಲವಾ ಅಂತ. ಆದರೆ ಮೊನ್ನೆ ನಮ್ಮ ಪಕ್ಕದ ಡಿಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ನನ್ನ ಥರಾನೇ ಅರ್ಜಿ ಹಿಡ್ಕೊಂಡು ಓಡಾಡೋದು ನೋಡಿದೆ. ಅದಕ್ಕೇ ಬರೀತಿದೀನಿ. ಓಓಡಿ ಅಂದ್ರೆ ಕಾಲೇಜಿನ ಕೆಲಸದ ಮೇಲೇ ಹೊರಗೆ ಹೋಗಿದ್ದು ಅನ್ನೋ ಲೆಕ್ಕ, ಅದು ರಜೆ ಅಲ್ಲ.

ನಾನು ಹಾಸನದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡ್ತೀನಿ. ಕಾಲೇಜಿನ ಹೆಸರು ಬೇಡ. ಹೊಸ ಸ್ಕೀಮಿನಲ್ಲಿ ವಿದ್ಯುತ್ ವಾಹನಗಳ ಪೇಪರ್ ಬಂದಿದೆ, ನಮ್ಮಲ್ಲಿ ಯಾರೂ ಅದನ್ನ ಪಾಠ ಮಾಡಿದವರಿಲ್ಲ. ಜುಲೈನಲ್ಲಿ ಸುರತ್ಕಲ್ ಕಡೆ ಅದೇ ವಿಷಯದ ಮೇಲೆ ಆರು ದಿನದ ಎಫ್‌ಡಿಪಿ, ಅಂದ್ರೆ ಬೋಧಕರ ತರಬೇತಿ, ಇದೆ ಅಂತ ನನಗೆ ಹೇಳಿದ್ದೇ ನಮ್ಮ ಎಚ್‌ಓಡಿ. ನಾನಾಗಿ ಹುಡುಕ್ಕೊಂಡು ಹೋದದ್ದಲ್ಲ, ಇದು ನೆನಪಿರಲಿ. ‘ನೀವೇ ಹೋಗ್ಬನ್ನಿ ಮೇಡಂ, ಮುಂದಿನ ಸೆಮ್ ನಿಮಗೇ ಕೊಡೋದು, ಬಂದ ಮೇಲೆ ನಮ್ಮವರಿಗೂ ಎರಡು ದಿನ ಹೇಳ್ಕೊಡಿ’ ಅಂದ್ರು. ಮನೇಲಿ ಹೆಮ್ಮೆಯಿಂದ ಹೇಳಿದೆ, ಕಾಲೇಜಿನವರು ನನ್ನನ್ನೇ ಕಳಿಸ್ತಿದಾರೆ ಅಂತ. ಈಗ ಆ ಮಾತು ನೆನೆಸಿಕೊಂಡ್ರೆ ಮೈ ಉರಿಯುತ್ತೆ.

ಇಂಥ ಕೋರ್ಸಿಗೆ ಸೇರೋಕೆ ಪ್ರಿನ್ಸಿಪಾಲರ ಸಹಿ, ಸೀಲು ಇರೋ ಪ್ರಾಯೋಜನಾ ಪತ್ರ ಬೇಕು. ‘ಇವರು ನಮ್ಮ ಸಂಸ್ಥೆಯ ಸಿಬ್ಬಂದಿ, ಆಯ್ಕೆಯಾದರೆ ಕಾರ್ಯಕ್ರಮಕ್ಕೆ ಬಿಡುಗಡೆ ಮಾಡುತ್ತೇವೆ’ ಅನ್ನೋ ಒಕ್ಕಣೆ. ಸಹಿ ಒಂದೇ ದಿನಕ್ಕೆ ಸಿಕ್ತು. ನನ್ನ ಅರ್ಜಿಯ ಮೂಲೆಯಲ್ಲಿ ಪ್ರಿನ್ಸಿಪಾಲರು ಹಸಿರು ಶಾಯಿಯಲ್ಲಿ ‘ಪರ್ಮಿಟೆಡ್’ ಅಂತ ಬರೆದು ಸಹಿ ಹಾಕಿದ್ರು. ಎರಡು ಕಾಗದ, ಎರಡರಲ್ಲೂ ಸಹಿ. ಓಓಡಿ ಅಲ್ಲದೆ ಇನ್ನೇನು ಅಂದ್ಕೊಂಡೆ. ನೀವಾಗಿದ್ರೂ ಹಾಗೇ ಅಂದ್ಕೊಳ್ತಿದ್ರಿ.

ಹೊರಡೋ ಹಿಂದಿನ ಸಂಜೆ, ಐದು ಗಂಟೆ ಹತ್ತಿರ, ಆಫೀಸಿನಿಂದ ಫೋನು. ‘ಮೇಡಂ, ಇಆರ್‌ಪಿಯಲ್ಲಿ ಓಓಡಿ ಆಯ್ಕೆ ತಗೊಳ್ತಿಲ್ಲ, ಸುಮ್ನೆ ಒಂದು ಸಿಎಲ್ ಹಾಕಿಬಿಡಿ, ಇಲ್ಲಾಂದ್ರೆ ಬಯೋಮೆಟ್ರಿಕ್‌ನಲ್ಲಿ ಗೈರು ಅಂತ ಬೀಳುತ್ತೆ. ಆಮೇಲೆ ಸರಿ ಮಾಡೋಣ.’ ನಾನು ಬಟ್ಟೆ ಜೋಡಿಸ್ತಾ ಇದ್ದೆ. ಶಿರಾಡಿ ಘಾಟಿಯಲ್ಲಿ ಮಳೆ, ಬಸ್ಸು ಬಿಡ್ತಾರೋ, ಚಾರ್ಮಾಡಿ ಸುತ್ತಿ ಹೋಗ್ಬೇಕೋ ಅನ್ನೋ ಚಿಂತೆ. ಮೊಬೈಲಲ್ಲೇ ಸಿಎಲ್, ಅಂದ್ರೆ ನನ್ನ ಸಾಂದರ್ಭಿಕ ರಜೆ, ಹಾಕಿದೆ. ಕಾರಣದ ಜಾಗದಲ್ಲಿ ಏನು ಬರೆದೆ ಗೊತ್ತಾ? ‘ವೈಯಕ್ತಿಕ’. ಅಲ್ಲಿ ಪಟ್ಟಿಯಲ್ಲಿ ಇದ್ದದ್ದೇ ಮೂರು: ವೈಯಕ್ತಿಕ, ಅನಾರೋಗ್ಯ, ಇತರೆ. ‘ಇತರೆ’ ಅಂತಾದ್ರೂ ಒತ್ತಬಾರದಿತ್ತಾ. ಒತ್ತಲಿಲ್ಲ.

ಕೋರ್ಸು ಗುರುವಾರ ಶುರು, ನಡುವೆ ಭಾನುವಾರ ಬಿಡುವು, ಬುಧವಾರ ಮುಗೀತು. ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ. ಬ್ಯಾಟರಿ ಸೆಲ್‌ಗಳ ಸಮತೋಲನ, ಚಾರ್ಜಿಂಗ್, ಎಲ್ಲ ಕೈಯಾರೆ ಮಾಡಿಸಿದ್ರು. ಕೊನೇ ದಿನ ಪರೀಕ್ಷೆ ಬರೆದು ಪ್ರಮಾಣಪತ್ರ ತಗೊಂಡು ಬಂದೆ. ಬಂದವಳು ಹೇಳಿದ ಹಾಗೆ ಎರಡು ದಿನ ನಮ್ಮ ಡಿಪಾರ್ಟ್‌ಮೆಂಟಿಗೆ ಹೇಳ್ಕೊಟ್ಟೆ. ತಪ್ಪಿದ ಕ್ಲಾಸುಗಳನ್ನೂ ನಾನೇ ತಗೊಂಡೆ. ಸಿಎಲ್ ಅಂದ ಮೇಲೆ ಬದಲಿ ವ್ಯವಸ್ಥೆ ನಮ್ಮದೇ ತಲೆನೋವು ತಾನೆ, ಓಓಡಿ ಆಗಿದ್ದರೆ ಎಚ್‌ಓಡಿ ಮಾಡ್ಬೇಕಿತ್ತು. ಬದಲಿ ಫಾರ್ಮಿಗೆ ನನ್ನ ಕೈಲೇ ಸಹಿ ಮಾಡಿಸಿಕೊಂಡಾಗಲೇ ನನಗೆ ತಿಳೀಬೇಕಿತ್ತು. ತಿಳೀಲಿಲ್ಲ.

ತಿಳಿದದ್ದು ಸಂಬಳ ಬಿದ್ದ ದಿನ. ನನ್ನ ಸಂಬಳ ತಿಂಗಳಿಗೆ 46,500. ಜುಲೈಗೆ 31 ದಿನ, ಅಂದ್ರೆ ದಿನಕ್ಕೆ 1,500. ಬಂದದ್ದು ಮಾಮೂಲಿಗಿಂತ 6,000 ಕಡಿಮೆ. ಮೊದಲು ತೆರಿಗೆ ಏನಾದ್ರೂ ಹಿಡಿದಿದಾರಾ ಅಂದ್ಕೊಂಡೆ. ಸ್ಲಿಪ್ ತೆಗೆದು ನೋಡಿದ್ರೆ ‘ಸಂಬಳರಹಿತ: 4 ದಿನ’.

ಆರು ದಿನದ ಕೋರ್ಸಿಗೆ ನಾಲ್ಕು ದಿನ ಹೇಗೆ? ನಮ್ಮಲ್ಲಿ ಸಿಎಲ್ ತಿಂಗಳಿಗೊಂದರಂತೆ ಜಮಾ ಆಗುತ್ತೆ. ಜುಲೈಗೆ ಏಳಾಗಿತ್ತು, ನಾಲ್ಕು ಖರ್ಚಾಗಿತ್ತು, ಉಳಿದದ್ದು ಮೂರು. ಗುರು, ಶುಕ್ರ, ಶನಿ ಆ ಮೂರು ಸಿಎಲ್‌ಗೆ ಹೋಯ್ತು. ಸೋಮ, ಮಂಗಳ, ಬುಧ ಸಂಬಳರಹಿತ. ಹಿಂದೂ ಮುಂದೂ ರಜೆ ಇದ್ದರೆ ನಡುವಿನ ಭಾನುವಾರವೂ ರಜೆಗೇ ಸೇರುತ್ತೆ ಅನ್ನೋದು ನಮ್ಮ ಕಾಲೇಜಿನ ನಿಯಮ, ಹಾಗಾಗಿ ಅದೂ ಒಂದು. ಓಓಡಿ ಆಗಿದ್ದರೆ ಆ ಏಳೂ ದಿನ ಕೆಲಸದ ದಿನಗಳೇ. ಭಾನುವಾರದ ಪ್ರಶ್ನೆಯೇ ಬರ್ತಿರಲಿಲ್ಲ. ಭಾನುವಾರಕ್ಕೂ ದುಡ್ಡು ಹಿಡಿದಿದಾರೆ ನೋಡಿ, ಭಾನುವಾರಕ್ಕೂ.

ಇಷ್ಟಕ್ಕೇ ಮುಗೀಲಿಲ್ಲ. ಆಗಸ್ಟಿನಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್. ಎರಡು ದಿನ ಬೇಕಿತ್ತು, ಖಾತೆಯಲ್ಲಿದ್ದದ್ದು ಆ ತಿಂಗಳು ಜಮಾ ಆದ ಒಂದೇ ಸಿಎಲ್. ಇನ್ನೊಂದು ದಿನಕ್ಕೆ ಮತ್ತೆ ಸಂಬಳ ಹೋಯ್ತು. ಬಸ್ ಚಾರ್ಜು, ಊಟದ ಖರ್ಚು ಕೇಳಿದ್ದಕ್ಕೆ ‘ರಜೆ ಮೇಲೆ ಹೋದವರಿಗೆ ಟಿಎ ಹೇಗೆ ಕೊಡೋದು’ ಅಂದ್ರು. ಆ ಮಳೆಯಲ್ಲಿ ಘಾಟಿ ಇಳಿಯುವಾಗ ಏನಾದ್ರೂ ಆಗಿದ್ದರೆ? ನಾನು ಕಾಲೇಜಿನ ಕೆಲಸಕ್ಕೆ ಹೋಗಿದ್ದೆ ಅನ್ನೋದಕ್ಕೆ ಕಾಲೇಜಿನ ದಾಖಲೆಯಲ್ಲಿ ಒಂದಕ್ಷರ ಇಲ್ಲ. ವೈಯಕ್ತಿಕ ಕಾರಣಕ್ಕೆ ರಜೆ ಹಾಕಿ ಎಲ್ಲೋ ಹೋಗಿದ್ದವಳು ನಾನು.

ಆಫೀಸಿಗೆ ಹೋಗಿ ಕೇಳಿದೆ. ಸೂಪರಿಂಟೆಂಡೆಂಟ್ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ್ರು. ‘ನೀವೇ ಸಿಎಲ್ ಹಾಕಿದೀರಲ್ಲ ಮೇಡಂ. ಕಾರಣ ವೈಯಕ್ತಿಕ. ನಾವೇನು ಮಾಡೋಣ?’ ಹಾಕಿ ಅಂತ ನೀವೇ ಫೋನ್ ಮಾಡಿದ್ರಿ ಅಂದೆ. ‘ಯಾರು ಮಾಡಿದ್ರು?’ ಫೋನ್ ಮಾಡಿದವರು ಪಕ್ಕದ ಟೇಬಲಿನಲ್ಲೇ ಕೂತಿದ್ರು, ತಲೆ ಎತ್ತಲಿಲ್ಲ. ಪ್ರಿನ್ಸಿಪಾಲರ ಸಹಿ ತೋರಿಸಿದೆ. ಅದಕ್ಕೆ ಅವರು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. ‘ಮೇಡಂ, ನೀವು ಕೇಳಿರೋದು ಭಾಗವಹಿಸೋಕೆ ಅನುಮತಿ. ಸರ್ ಕೊಟ್ಟಿರೋದೂ ಭಾಗವಹಿಸೋಕೆ ಅನುಮತಿ. ಆ ದಿನಗಳನ್ನ ಓಓಡಿ ಅಂತ ಪರಿಗಣಿಸಿ ಅಂತ ನೀವೂ ಕೇಳಿಲ್ಲ, ಅವರೂ ಬರೆದಿಲ್ಲ.’

ಅರ್ಜಿ ಮತ್ತೆ ಓದಿದೆ. ಹೌದು. ಕೇಳಿಲ್ಲ. ‘ಭಾಗವಹಿಸಲು ಅನುಮತಿ ನೀಡಬೇಕಾಗಿ ಕೋರುತ್ತೇನೆ’, ಅಷ್ಟೇ ಇದೆ. ಅಲ್ಲೇ ನಿಂತು ಕಣ್ಣಲ್ಲಿ ನೀರು ಬಂತು, ಸುತ್ತ ವಿದ್ಯಾರ್ಥಿಗಳು ಬೇರೆ ಇದ್ರು.

ಪ್ರಾಯೋಜನಾ ಪತ್ರಾನೂ ಅಷ್ಟೇ. ಅದು ಕೋರ್ಸ್ ನಡೆಸೋರಿಗೆ ಕೊಡೋ ಮಾತು, ನಮಗೆ ಕೊಡೋ ಮಾತಲ್ಲ. ‘ಬಿಡುಗಡೆ ಮಾಡುತ್ತೇವೆ’ ಅಂದ್ರೆ ಹೋಗೋಕೆ ತಡೆಯಿಲ್ಲ ಅಂತ. ಯಾವ ಲೆಕ್ಕದಲ್ಲಿ ಬಿಡ್ತಾರೆ ಅನ್ನೋದು ಅದರಲ್ಲಿ ಇರೋದಿಲ್ಲ. ನಮ್ಮ ಅಕ್ಕ ಸರ್ಕಾರಿ ಶಾಲೆ ಟೀಚರ್. ಶಿಕ್ಷಕರಿಗೆ ತರಬೇತಿ ಕೊಡೋ ಜಿಲ್ಲಾ ಸಂಸ್ಥೆ ಡಯಟ್‌ಗೆ ತರಬೇತಿಗೆ ಹೋಗುವಾಗ ಅವಳ ಹೆಸರು, ದಿನಾಂಕ ಇರೋ ಆದೇಶ ಬರುತ್ತೆ, ಹಾಜರಾತಿ ಪುಸ್ತಕದಲ್ಲಿ ಓಓಡಿ ಅಂತ ಬೀಳುತ್ತೆ, ತರಬೇತಿ ಮುಗಿದ ಮೇಲೆ ಅಲ್ಲಿನ ಹಾಜರಾತಿ ಪತ್ರ ತಂದು ಕೊಡ್ತಾಳೆ. ನನ್ನ ಹತ್ರ ಆದೇಶಾನೂ ಇಲ್ಲ, ಓಓಡಿ ಅನ್ನೋ ಪದಾನೂ ಇಲ್ಲ.

ಪ್ರಿನ್ಸಿಪಾಲರ ಹತ್ರ ಹೋದೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಇಂಥ ಕಾರ್ಯಕ್ರಮಗಳಿಗೆ ಒಂದು ಶೈಕ್ಷಣಿಕ ವರ್ಷದಲ್ಲಿ 30 ದಿನದ ತನಕ ಕರ್ತವ್ಯ ರಜೆ ಕೊಡಬಹುದು ಅಂತ ಇದೆಯಲ್ಲ ಸರ್ ಅಂದೆ. ‘ಕೊಡಬಹುದು ಅಂತಿದೆ, ಕೊಡಲೇಬೇಕು ಅಂತಿಲ್ಲ. ಅದೂ ಅಲ್ಲದೆ ನಮಗೆ ನಮ್ಮ ಟ್ರಸ್ಟಿನ ಸೇವಾ ನಿಯಮ.’ ನೀವೇ ಸಹಿ ಮಾಡಿದ್ರಿ ಸರ್ ಅಂದೆ. ‘ನಿಮ್ಮ ಜ್ಞಾನ ತಾನೆ ಬೆಳೆದದ್ದು? ಸರ್ಟಿಫಿಕೇಟ್ ಮೇಲೆ ನಿಮ್ಮ ಹೆಸರು ತಾನೆ ಇರೋದು?’ ಎಚ್‌ಓಡಿ ಪಕ್ಕದಲ್ಲೇ ಇದ್ರು. ‘ಹೋಗ್ಬನ್ನಿ ಮೇಡಂ’ ಅಂದವರು. ಒಂದು ಮಾತು ಆಡಲಿಲ್ಲ. ಹೊರಗೆ ಬಂದ ಮೇಲೆ ‘ನೀವು ನನ್ನ ಹತ್ರ ಓಓಡಿ ಬಗ್ಗೆ ಕೇಳ್ಲೇ ಇಲ್ವಲ್ಲ’ ಅಂದ್ರು.

ನಿಜವಾಗಿ ಹೊಟ್ಟೆ ಉರಿದದ್ದು ಅದಾದ ಮೇಲೆ. ಇಂಜಿನಿಯರಿಂಗ್ ಕೋರ್ಸುಗಳಿಗೆ ಕೊಡೋ ಎನ್‌ಬಿಎ ಮಾನ್ಯತೆಗೆ ಫೈಲು ತಯಾರು ಮಾಡ್ತಿದಾರೆ. ನಾವು ತುಂಬ್ತಿರೋ ನಮೂನೆಯಲ್ಲಿ ಬೋಧಕರು ಹೋದ ತರಬೇತಿಗೆ ಅಂಕ ಇದೆ: 2ರಿಂದ 5 ದಿನದ್ದಾದರೆ ಒಬ್ಬರಿಗೆ 3, ಐದು ದಿನ ಮೀರಿದರೆ 5. ನನ್ನದು ಆರು ದಿನ, ಪೂರ್ತಿ 5 ಅಂಕ. ಡಿಪಾರ್ಟ್‌ಮೆಂಟ್ ಫೈಲಿನಲ್ಲಿ ನನ್ನ ಪ್ರಮಾಣಪತ್ರದ ಕಲರ್ ಜೆರಾಕ್ಸ್ ಇದೆ. ಮೇಲೆ ‘ಸಂಸ್ಥೆಯಿಂದ ನಿಯೋಜಿತರಾದವರು’ ಅಂತ ತಲೆಬರಹ. ನಿಯೋಜಿತರು! ಒಂದು ಫೈಲಿನಲ್ಲಿ ನಾನು ಕಾಲೇಜು ಕಳಿಸಿದವಳು, ಇನ್ನೊಂದು ಫೈಲಿನಲ್ಲಿ ಸ್ವಂತ ಕೆಲಸಕ್ಕೆ ರಜೆ ಹಾಕಿ ಹೋದವಳು. ಎರಡೂ ಫೈಲು ಒಂದೇ ಕಟ್ಟಡದಲ್ಲಿವೆ.

ದಯವಿಟ್ಟು ನೀವು ಹೀಗೆ ಮಾಡ್ಕೋಬೇಡಿ. ಅರ್ಜಿಯಲ್ಲಿ ‘ಅನುಮತಿ’ ಅಂತ ಮಾತ್ರ ಬರೀಬೇಡಿ. ‘ಇಂಥ ದಿನದಿಂದ ಇಂಥ ದಿನದವರೆಗೆ, ಪ್ರಯಾಣದ ದಿನಗಳೂ ನಡುವಿನ ಭಾನುವಾರವೂ ಸೇರಿ, ಓಓಡಿ ಎಂದು ಪರಿಗಣಿಸಬೇಕು’ ಅಂತ ಬರೀರಿ, ಯಾರು ಹೋಗು ಅಂದ್ರು ಅನ್ನೋದನ್ನೂ ಬರೀರಿ. ಅದಕ್ಕೆ ನಂಬರ್ ಹಾಕಿದ ಆಫೀಸ್ ಆರ್ಡರ್ ಕೈಗೆ ಬರೋ ತನಕ ಬ್ಯಾಗ್ ಕಟ್ಟಬೇಡಿ. ವಾಪಸ್ ಬಂದ ದಿನವೇ ಹಾಜರಾತಿ ಪತ್ರ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ. ಮುಖ್ಯವಾಗಿ, ‘ಸುಮ್ನೆ ಒಂದು ಸಿಎಲ್ ಹಾಕಿಬಿಡಿ’ ಅಂತ ಯಾರೇ ಹೇಳಲಿ, ಎಷ್ಟೇ ನಯವಾಗಿ ಹೇಳಲಿ, ಹಾಕಬೇಡಿ. ಗೈರು ಬಿದ್ದರೆ ಬೀಳಲಿ. ಕೈಯಲ್ಲಿ ಆರ್ಡರ್ ಇದ್ದರೆ ಗೈರನ್ನ ತಿದ್ದಿಸಬಹುದು. ನಾವೇ ಕೇಳಿ ತಗೊಂಡ ರಜೆಯನ್ನ ಅಲ್ಲಗಳೆಯೋದು ಹೇಗೆ?

ನಾನು ಬರವಣಿಗೆಯಲ್ಲಿ ಕೊಟ್ಟಿದೀನಿ: ಆ ದಿನಗಳನ್ನ ಓಓಡಿ ಅಂತ ತಿದ್ದಿ ಮೂರು ಸಿಎಲ್, 6,000 ರೂಪಾಯಿ ವಾಪಸ್ ಕೊಡಿ, ಇಲ್ಲವಾದರೆ ನನ್ನ ಪ್ರಮಾಣಪತ್ರವನ್ನ ನಿಯೋಜಿತರ ಪಟ್ಟಿಯಿಂದ ತೆಗೀರಿ ಅಂತ. ಕೊಟ್ಟು ಹತ್ತೊಂಬತ್ತು ದಿನ ಆಯ್ತು. ಉತ್ತರ ಬಂದಿಲ್ಲ, ಜೆರಾಕ್ಸ್ ಇನ್ನೂ ಫೈಲಿನಲ್ಲೇ ಇದೆ. ನಿನ್ನೆ ಎಚ್‌ಓಡಿ ಮತ್ತೆ ಬಂದು ಕೇಳಿದ್ರು, ಡಿಸೆಂಬರ್‌ನಲ್ಲಿ ಇನ್ನೊಂದು ಐದು ದಿನದ್ದಿದೆ, ಹೋಗ್ತೀರಾ ಅಂತ. ಆರ್ಡರ್ ತನ್ನಿ ಸರ್, ನೋಡೋಣ ಅಂದೆ.