ಇಎಂಐ ಶುರುವಾಗುವ ಮೊದಲಿನ ಬಡ್ಡಿ: ಬಿಟ್ಟರೆ ಎಷ್ಟು, ತಿಂಗಳು ತಿಂಗಳು ಕಟ್ಟಿದರೆ ಎಷ್ಟು, ಕೂಡಿಟ್ಟು ಕಟ್ಟಿದರೆ ಎಷ್ಟು

ಪ್ರೀತಿಯ ತಮ್ಮಾ,

ನಿನ್ನ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು "ಓದು ಮುಗಿದು ಒಂದು ವರ್ಷದ ತನಕ ಏನೂ ಕಟ್ಟಬೇಕಾಗಿಲ್ಲ" ಅಂದರು, ಹಾಗಾದರೆ ಅಲ್ಲಿವರೆಗೂ ಬಡ್ಡಿ ಇಲ್ಲ ಅಲ್ವಾ ಅಕ್ಕ ಅಂತ ಕೇಳಿದ್ದೀಯ. ಬಡ್ಡಿ ಇದೆ. ಕಟ್ಟು ಅಂತ ಕೇಳುವುದಿಲ್ಲ, ಅಷ್ಟೇ. ಮೊದಲ ಕಂತಿನ ಹಣ ಬ್ಯಾಂಕಿನಿಂದ ಕಾಲೇಜಿಗೆ ಹೋದ ದಿನದಿಂದಲೇ ಬಡ್ಡಿ ಏರಲು ಶುರುವಾಗುತ್ತದೆ. ಈ ಬಡ್ಡಿಯನ್ನು ಏನು ಮಾಡಬಹುದು ಅನ್ನುವುದಕ್ಕೆ ಮೂರು ದಾರಿ ಇವೆ. ಎರಡನ್ನು ನಾನೇ ನೋಡಿದ್ದೇನೆ. ಉಳಿದ ಒಂದು ನನ್ನ ರೂಮ್‌ಮೇಟ್ ಹಿಡಿದ ದಾರಿ. ಇಬ್ಬರೂ ಒಂದೇ ವರ್ಷ ಸೇರಿದವರು, ಸಾಲವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪಕ್ಕಪಕ್ಕ ಇಟ್ಟು ನೋಡಲು ಸುಲಭ.

ಲೆಕ್ಕಕ್ಕೆ ದುಂಡು ಅಂಕಿ ಇಟ್ಟುಕೊಳ್ಳೋಣ. ನಾಲ್ಕು ವರ್ಷದ ಬಿಇ. ವರ್ಷಕ್ಕೆ 1,50,000 ರೂಪಾಯಿಯಂತೆ ಒಟ್ಟು 6,00,000 ಸಾಲ. ಬಡ್ಡಿ ಶೇ 10. ಓದಿನ ನಾಲ್ಕು ವರ್ಷ, ಆಮೇಲೆ ಒಂದು ವರ್ಷ, ಒಟ್ಟು ಐದು ವರ್ಷ ಇಎಂಐ ಇಲ್ಲ. ಇದಕ್ಕೇ ಮೊರಟೋರಿಯಂ ಅನ್ನುವುದು. ನಿನ್ನ ಬಡ್ಡಿ ದರ ಸ್ವಲ್ಪ ಬೇರೆ ಇರುತ್ತದೆ, ನಡುವೆ ಬದಲಾಗಲೂಬಹುದು. ಲೆಕ್ಕದ ದಾರಿ ಮಾತ್ರ ಇದೇ.

ಮೊದಲು ತಿಳಿಯಬೇಕಾದದ್ದು, ಬಡ್ಡಿ ಬೀಳುವುದು ಬಿಡುಗಡೆಯಾದ ಹಣಕ್ಕೆ ಮಾತ್ರ. ಮಂಜೂರಾದ 6 ಲಕ್ಷಕ್ಕೂ ಮೊದಲ ದಿನದಿಂದ ಬೀಳುವುದಿಲ್ಲ. ಮೊದಲ ವರ್ಷ 1,50,000ಕ್ಕೆ ಮಾತ್ರ, ಅಂದರೆ ತಿಂಗಳಿಗೆ ಸುಮಾರು 1,250. ಎರಡನೇ ವರ್ಷ 2,500. ಮೂರನೇ ವರ್ಷ 3,750. ನಾಲ್ಕನೇ ವರ್ಷಕ್ಕೂ, ಓದು ಮುಗಿದ ಮೇಲಿನ ವರ್ಷಕ್ಕೂ ತಿಂಗಳಿಗೆ 5,000. ಎಲ್ಲ ಕೂಡಿದರೆ ಐದು ವರ್ಷಕ್ಕೆ 2,10,000.

ಇದನ್ನೇ ಕಂತಿನ ಕಡೆಯಿಂದ ನೋಡು. ಮೊದಲ ವರ್ಷ ತೆಗೆದುಕೊಂಡ ಪ್ರತಿ 10,000 ರೂಪಾಯಿ ಇಎಂಐ ಶುರುವಾಗುವ ಹೊತ್ತಿಗೆ 15,000 ಆಗಿರುತ್ತದೆ. ಕೊನೆಯ ವರ್ಷ ತೆಗೆದುಕೊಂಡ 10,000 ಆಗುವುದು 12,000 ಮಾತ್ರ. ಹಾಗಾಗಿ ಮನೆಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಮೊದಲ ವರ್ಷದ ಫೀಸಿಗೆ ಹಾಕಿ, ಆ ವರ್ಷ ಸಾಲ ಕಡಿಮೆ ತೆಗೆದುಕೋ. "ಈಗ ಸಾಲದಲ್ಲಿ ಕಟ್ಟೋಣ, ಮನೆ ದುಡ್ಡು ಮುಂದಕ್ಕೆ ಇರಲಿ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಬಡ್ಡಿಯ ಲೆಕ್ಕದಲ್ಲಿ ಅದು ಉಲ್ಟಾ.

ಈಗ ಮೂರು ದಾರಿಗೆ ಬರೋಣ.

ನನ್ನ ರೂಮ್‌ಮೇಟ್ ಐದೂ ವರ್ಷ ಏನೂ ಕಟ್ಟಲಿಲ್ಲ. ಅದು ನಿಯಮಕ್ಕೆ ವಿರುದ್ಧವೇನಲ್ಲ. ಬ್ಯಾಂಕುಗಳ ಸಂಘವಾದ ಐಬಿಎ ರೂಪಿಸಿದ, ಸರ್ಕಾರಿ ಬ್ಯಾಂಕುಗಳು ಹಿಡಿದು ನಡೆಯುವ ಮಾದರಿ ಯೋಜನೆಯಲ್ಲಿ ಓದುವಾಗ ಬಡ್ಡಿ ಕಟ್ಟುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದು. ಅವಳ ಓದು ಆರಾಮಾಗಿ ನಡೆಯಿತು. ಆದರೆ ಇಎಂಐ ಶುರುವಾದ ದಿನ ಆ 2,10,000 ಬಡ್ಡಿ ಅಸಲಿಗೆ ಸೇರಿತು. ಸಾಲ 6,00,000 ಇದ್ದದ್ದು 8,10,000 ಆಯಿತು. ಹತ್ತು ವರ್ಷದ ಅವಧಿಗೆ ಇಎಂಐ ಸುಮಾರು 10,700. ಎಲ್ಲ ಮುಗಿಯುವಾಗ ಅವಳ ಕೈಯಿಂದ ಹೋಗುವುದು ಸುಮಾರು 12,84,500.

ಎರಡನೇ ದಾರಿ, ತಿಂಗಳು ತಿಂಗಳು ಪೂರ್ತಿ ಬಡ್ಡಿ ಕಟ್ಟುವುದು. ಮೊದಲ ವರ್ಷ ನಮ್ಮಪ್ಪ ಹೀಗೇ ಕಟ್ಟಿದರು. ಐದು ವರ್ಷವೂ ಹೀಗೆ ನಡೆದರೆ ಅಸಲು 6,00,000 ಮಾತ್ರ ಉಳಿಯುತ್ತದೆ, ಇಎಂಐ ಸುಮಾರು 7,930. ಮೊದಲೇ ಕಟ್ಟಿದ 2,10,000 ಸೇರಿಸಿದರೂ ಒಟ್ಟು ಸುಮಾರು 11,61,500. ರೂಮ್‌ಮೇಟ್‌ಗಿಂತ 1,23,000 ಕಡಿಮೆ. ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು. ಕಷ್ಟ ಇರುವುದು ಬೇರೆ ಕಡೆ. ಮೊದಲ ವರ್ಷದ 1,250 ಹೇಗೋ ಹೊಂದುತ್ತದೆ. ಆಮೇಲೆ ಪ್ರತಿ ವರ್ಷ ಅಷ್ಟಷ್ಟೇ ಏರುತ್ತಾ ಹೋಗುತ್ತದೆ. ಮನೆಯ ಆದಾಯ ಹಾಗೆ ಏರುವುದಿಲ್ಲ. ಎರಡನೇ ವರ್ಷ 2,500 ಆದಾಗ ಅಪ್ಪನಿಗೆ ಭಾರವಾಯಿತು. ನಾನೇ ಬೇಡ ಅಂದೆ.

ಅಲ್ಲಿಂದ ನಾನು ಹಿಡಿದದ್ದು ಮೂರನೇ ದಾರಿ. ಅದು ಯಾಕೆ ನಡೆಯುತ್ತದೆ ಅನ್ನುವುದನ್ನು ನಿಧಾನವಾಗಿ ಓದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊರಟೋರಿಯಂ ಸಮಯದಲ್ಲಿ ನಮ್ಮ ಸಾಲಕ್ಕೆ ಬೀಳುವುದು ಸರಳ ಬಡ್ಡಿ. ಬಡ್ಡಿಯ ಮೇಲೆ ಬಡ್ಡಿ ಬೀಳುವುದಿಲ್ಲ. ಈ ತಿಂಗಳ 1,250 ಬಾಕಿ ಉಳಿದರೆ ಮುಂದಿನ ತಿಂಗಳೂ ಅದು 1,250 ಆಗಿಯೇ ಇರುತ್ತದೆ. ನಾಲ್ಕು ವರ್ಷ ಬಿಟ್ಟು ಕಟ್ಟಿದರೂ ಆ ತಿಂಗಳ ಲೆಕ್ಕಕ್ಕೆ ಅಷ್ಟೇ. ಅದು ದೊಡ್ಡದಾಗುವುದು ಅಸಲಿಗೆ ಸೇರಿದ ದಿನದಿಂದ. ಅಂದರೆ ಬಡ್ಡಿಯನ್ನು ಇವತ್ತು ಕಟ್ಟಿದರೂ ಒಂದೇ, ಇಎಂಐ ಶುರುವಾಗುವ ಹಿಂದಿನ ವಾರ ಕಟ್ಟಿದರೂ ಒಂದೇ. ಆ ದಿನ ದಾಟಿದರೆ ಮಾತ್ರ ವ್ಯತ್ಯಾಸ.

ಹಾಗಾಗಿ ನಾನು ಟ್ಯೂಷನ್ ಹೇಳಿ ಬಂದ ದುಡ್ಡಿನಲ್ಲಿ ತಿಂಗಳಿಗೆ 1,000 ಆರ್‌ಡಿಗೆ ಹಾಕಿದೆ. ಕೈ ಬಿಗಿಯಾದರೆ ಮುರಿಯಬಹುದು ಅನ್ನುವ ಧೈರ್ಯ ಇತ್ತು. ಸಾಲಕ್ಕೆ ಕಟ್ಟಿಬಿಟ್ಟರೆ ಆ ದುಡ್ಡು ವಾಪಸ್ ಬರುವುದಿಲ್ಲ. ಓದು ಮುಗಿಯುವಾಗ ಬಡ್ಡಿ ಸೇರಿ ಸುಮಾರು 40,000 ಇತ್ತು. ಆಮೇಲೆ ಕೆಲಸ ಸಿಕ್ಕಿತು. ಸಂಬಳ ಬರುತ್ತಿದೆ, ಇಎಂಐ ಇನ್ನೂ ಶುರುವಾಗಿಲ್ಲ. ಈ ಒಂದು ವರ್ಷ ಇದೆಯಲ್ಲ, ಇದೇ ಎಲ್ಲಕ್ಕಿಂತ ಬೆಲೆಯುಳ್ಳ ಸಮಯ. ರೂಮ್‌ಮೇಟ್‌ಗೂ ಆಗ ಕೆಲಸ ಇತ್ತು, ಆದರೆ "ಇಎಂಐ ಬರಲಿ, ಆಮೇಲೆ ನೋಡೋಣ" ಅಂದಳು. ನಾನು ತಿಂಗಳಿಗೆ 10,000 ಬಡ್ಡಿಗೆಂದೇ ತೆಗೆದಿಟ್ಟೆ. ಅಪ್ಪ ಕಟ್ಟಿದ 15,000, ಆರ್‌ಡಿಯ 40,000, ಸಂಬಳದ 1,20,000 ಸೇರಿ 1,75,000 ಆಯಿತು. ಉಳಿದ 35,000 ಮಾತ್ರ ಅಸಲಿಗೆ ಸೇರಿತು. ಇಎಂಐ ಸುಮಾರು 8,390. ಕೊನೆಗೆ ಒಟ್ಟು 11,82,000ದ ಆಸುಪಾಸು. ಪೂರ್ತಿ ಬಡ್ಡಿ ಕಟ್ಟುವವರಿಗಿಂತ ಸುಮಾರು 20,500 ಜಾಸ್ತಿ. ಏನೂ ಕಟ್ಟದ ರೂಮ್‌ಮೇಟ್‌ಗಿಂತ 1,02,500 ಕಡಿಮೆ. ಓದುವ ಕಾಲದಲ್ಲಿ ಮನೆಗೆ ಭಾರವೂ ಆಗಲಿಲ್ಲ. ನಿಮ್ಮ ಮನೆಯ ಪರಿಸ್ಥಿತಿ ನನಗೆ ಗೊತ್ತು, ಅದಕ್ಕೇ ನಿನಗೂ ನಾನು ಹೇಳುವುದು ಇದೇ ದಾರಿ.

ಆದರೆ ಎರಡು ವಿಷಯ ನೋಡಿಯೇ ಮುಂದೆ ಹೋಗು. ಮೊದಲನೆಯದು, ನಿನ್ನದು ನಿಜಕ್ಕೂ ಸರಳ ಬಡ್ಡಿಯಾ? ಸಾಲ ಕೊಡುವ ಎಲ್ಲರೂ ಹಾಗೆ ಹಾಕುವುದಿಲ್ಲ. ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳಲ್ಲಿ ಓದುವಾಗಲೇ ಬಡ್ಡಿಯನ್ನು ಅಸಲಿಗೆ ಸೇರಿಸುವುದೂ ಉಂಟು, ಬಡ್ಡಿ ಕಟ್ಟಲೇಬೇಕು ಅನ್ನುವುದೂ ಉಂಟು. ಸ್ಯಾಂಕ್ಷನ್ ಲೆಟರ್ ಓದು, ಅದರ ಜೊತೆ ಸ್ಟೇಟ್‌ಮೆಂಟ್‌ನಲ್ಲೂ ಪರೀಕ್ಷೆ ಮಾಡು. ಜುಲೈ, ಆಗಸ್ಟ್ ಎರಡಕ್ಕೂ 31 ದಿನ. ನಡುವೆ ಹೊಸ ಕಂತು ಬಿಡುಗಡೆಯಾಗಿರಬಾರದು, ದರ ಬದಲಾಗಿರಬಾರದು, ನೀನು ಏನೂ ಕಟ್ಟಿರಬಾರದು. ಆಗ ಎರಡೂ ತಿಂಗಳ ಬಡ್ಡಿ ಒಂದೇ ಇರಬೇಕು. 1,50,000ಕ್ಕೆ ಶೇ 10ರಂತೆ 31 ದಿನಕ್ಕೆ 1,274. ಲೆಕ್ಕ ಹೀಗೆ:

```
150000 × 10/100 × 31/365 = 1273.97
```

ಆಗಸ್ಟ್‌ನಲ್ಲಿ 1,285ರ ಹತ್ತಿರ ಕಂಡರೆ ಜುಲೈ ಬಡ್ಡಿಯ ಮೇಲೂ ಬಡ್ಡಿ ಬಿದ್ದಿದೆ ಅಂತ ಅರ್ಥ. 11 ರೂಪಾಯಿ ಅಲ್ವಾ ಅನ್ನಬೇಡ. ಇದೇ ಸಾಲಕ್ಕೆ ತಿಂಗಳು ತಿಂಗಳು ಚಕ್ರಬಡ್ಡಿ ಬಿದ್ದರೆ ಐದು ವರ್ಷದಲ್ಲಿ 8,10,000ದ ಬದಲು ಸುಮಾರು 8,55,500 ಆಗುತ್ತದೆ. ಅಂಥ ಸಾಲಕ್ಕೆ ನನ್ನ ಆರ್‌ಡಿ ದಾರಿ ಬೇಡ. ಕೈಗೆ ಬಂದದ್ದನ್ನು ಬಂದ ದಿನವೇ ಕಟ್ಟು.

ಎರಡನೆಯದು, ಓದುವಾಗ ಬಡ್ಡಿಯನ್ನು ಸರಿಯಾಗಿ ಕಟ್ಟುವವರಿಗೆ ಶೇ 1ರಷ್ಟು ಬಡ್ಡಿ ರಿಯಾಯಿತಿ ಕೊಡಲು ಐಬಿಎ ಯೋಜನೆಯಲ್ಲಿ ಅವಕಾಶ ಇದೆ. ಕೊಡುವುದು ಬಿಡುವುದು ಬ್ಯಾಂಕಿಗೆ ಬಿಟ್ಟದ್ದು. ನಿನ್ನ ಲೆಟರ್‌ನಲ್ಲಿ ಅದು ಇದ್ದರೆ, ಮನೆಯಲ್ಲಿ ಕಟ್ಟಲು ಆಗುವಂತಿದ್ದರೆ, ಎರಡನೇ ದಾರಿಯೇ ಮೇಲು. ನಮ್ಮ ಉದಾಹರಣೆಯಲ್ಲಿ ಐದೂ ವರ್ಷ ಅದು ಸಿಕ್ಕರೆ 21,000 ಉಳಿಯುತ್ತದೆ. ಆರ್‌ಡಿಯಲ್ಲಿ ಬರುವ ಬಡ್ಡಿ ಅಷ್ಟಾಗುವುದಿಲ್ಲ.

ಇನ್ನೊಂದು ಮಾತು. ಮನೆಯ ವರ್ಷದ ಆದಾಯ 4.5 ಲಕ್ಷದ ಒಳಗಿದ್ದು, ಕೋರ್ಸೂ ಕಾಲೇಜೂ ಅರ್ಹವಾಗಿದ್ದರೆ ಮೊರಟೋರಿಯಂನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ ಇದೆ. ಇದರ ನೋಡಲ್ ಬ್ಯಾಂಕ್, ಅಂದರೆ ಸರ್ಕಾರದ ಪರವಾಗಿ ಇದನ್ನು ನೋಡಿಕೊಳ್ಳುವ ಬ್ಯಾಂಕ್, ನಮ್ಮ ಕೆನರಾ ಬ್ಯಾಂಕ್. ಆದರೆ ಸಾಲ ಯಾವ ಬ್ಯಾಂಕಿನಲ್ಲಿದೆಯೋ ಅಲ್ಲೇ ಕೇಳಬೇಕು. ಆದಾಯ ಪ್ರಮಾಣಪತ್ರ ಮಾಡಿಸಿ ಮೊದಲ ವರ್ಷವೇ ಕೊಡು. ಅದು ಸಿಗುವ ಹಾಗಿದ್ದರೆ ಮೇಲಿನ ಮೂರು ದಾರಿಯ ಲೆಕ್ಕವೇ ಬದಲಾಗುತ್ತದೆ. ಸುಮ್ನೆ ಬಡ್ಡಿ ಕಟ್ಟಲು ಹೋಗಬೇಡ, ಮೊದಲು ಆ ಉತ್ತರ ತೆಗೆದುಕೋ.

ಕೂಡಿಟ್ಟು ಕಟ್ಟುವವರು ಎಡವುವುದು ಸಾಮಾನ್ಯವಾಗಿ ತಾರೀಖಿನಲ್ಲಿ. ಮೊರಟೋರಿಯಂ ಯಾವ ದಿನ ಮುಗಿಯುತ್ತದೆ ಅನ್ನುವುದನ್ನು ಬ್ಯಾಂಕ್ ತನ್ನ ಕಡತದಲ್ಲಿರುವ ಕೋರ್ಸ್ ಮುಗಿಯುವ ತಾರೀಖಿನಿಂದ ಎಣಿಸುತ್ತದೆ. ನಿನ್ನ ಕೊನೆಯ ಪರೀಕ್ಷೆ ಯಾವಾಗ ಆಯಿತು, ಫಲಿತಾಂಶ ಯಾವಾಗ ಬಂತು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ನನ್ನದರಲ್ಲಿ ನಾನು ಎಣಿಸಿದ್ದಕ್ಕಿಂತ ಬ್ಯಾಂಕಿನ ತಾರೀಖು ಮುಂಚೆಯೇ ಇತ್ತು. ಮೊದಲೇ ಕೇಳಿದ್ದರಿಂದ ತಿಳಿಯಿತು. ಅಕಸ್ಮಾತ್ ದಾಟಿದರೂ ಗಾಬರಿ ಬೇಡ. 2,10,000 ಸೇರಿಕೊಂಡ ಮೇಲೆ ಒಂದು ತಿಂಗಳು ತಡವಾದರೆ ಜಾಸ್ತಿ ಬೀಳುವುದು ಸುಮಾರು 1,750. ಕೈಯಲ್ಲಿರುವ ದುಡ್ಡನ್ನು ಕೂಡಲೇ ಅಸಲಿಗೆ ಕಟ್ಟಿದರೆ ಅಲ್ಲಿಗೆ ನಿಲ್ಲುತ್ತದೆ.

ಆ ತಾರೀಖಿಗೆ ಎರಡು ತಿಂಗಳು ಇರುವಾಗಲೇ ಬ್ರಾಂಚಿಗೆ ಹೋಗು. ಇವತ್ತಿನವರೆಗಿನ ಒಟ್ಟು ಬಡ್ಡಿ ಎಷ್ಟು, ಅಸಲಿಗೆ ಯಾವ ದಿನ ಸೇರಿಸುತ್ತೀರಿ ಅಂತ ಬರಹದಲ್ಲಿ ಕೇಳು. ಹಣ ಕಟ್ಟಿ ಒಂದು ವಾರದ ಮೇಲೆ ಸ್ಟೇಟ್‌ಮೆಂಟ್ ತೆಗೆಸಿ, ಅದು ಬಡ್ಡಿಗೆ ಜಮಾ ಆಗಿದೆಯಾ ನೋಡು. ಈಗ ಸದ್ಯಕ್ಕೆ ನಿನ್ನ ಸ್ಯಾಂಕ್ಷನ್ ಲೆಟರ್‌ನ ಫೋಟೋ ಕಳಿಸು. ಬಡ್ಡಿಯ ಸಾಲುಗಳನ್ನು ಇಬ್ಬರೂ ಸೇರಿ ಓದೋಣ.

ಇಂತಿ,
ನಿನ್ನ ಅಕ್ಕ